ಅರ್ಧ ಪೆನ್ಶನ್ ಅಂದರೆ ಎಷ್ಟು? ಯಜಮಾನರ ನಂತರದ ವರ್ಷಗಳಿಗೆ ಈಗಲೇ ಲೆಕ್ಕ

ಪ್ರಶ್ನೆ: ಮೇಡಂ, ನಮ್ಮದು ತುಮಕೂರು. ನಮ್ಮ ಯಜಮಾನರು 1998ರಿಂದ ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿದ್ದಾರೆ. ಸದ್ಯದಲ್ಲೇ 58 ತುಂಬಿ ರಿಟೈರ್ ಆಗುತ್ತಾರೆ. ನನಗೆ 52, ಮನೆಯಲ್ಲೇ ಇದ್ದೇನೆ, ನನ್ನದೇ ಅಂತ ಪೆನ್ಶನ್ ಇಲ್ಲ. ಪಿಎಫ್ ಮತ್ತು ಗ್ರಾಚ್ಯುಟಿ ಸೇರಿ 26 ಲಕ್ಷ ಬರುತ್ತದೆ. ಎಲ್ಲವನ್ನೂ ಅವರ ಹೆಸರಲ್ಲಿ ಪೋಸ್ಟ್ ಆಫೀಸಿನ ಸೀನಿಯರ್ ಸಿಟಿಜನ್ ಸ್ಕೀಮಿಗೆ ಹಾಕಿ, ನನ್ನ ಹೆಸರನ್ನು ಜಾಯಿಂಟ್ ಆಗಿ ಸೇರಿಸುತ್ತಾರಂತೆ. ಅವರ ನಂತರ ಪೆನ್ಶನ್ ಅರ್ಧ ನನಗೆ ಬರುತ್ತದಂತೆ. ಇಷ್ಟು ಸಾಕಾ? ಸ್ವಂತ ಮನೆ ಇದೆ, ಹಿಂದಿನ ಭಾಗದಿಂದ 5,000 ಬಾಡಿಗೆ ಬರುತ್ತದೆ. ಅತ್ತೆ ಜೊತೆಯಲ್ಲಿದ್ದಾರೆ. ಖರ್ಚು ತಿಂಗಳಿಗೆ 24,000. ಫ್ಯಾಕ್ಟರಿಯವರು ಇನ್ನೂ ಮೂರು ವರ್ಷ ಕಾಂಟ್ರಾಕ್ಟ್ ಮೇಲೆ 12,000ಕ್ಕೆ ಕರೆಯುತ್ತಿದ್ದಾರೆ, ಇವರಿಗೆ ಮನಸ್ಸಿಲ್ಲ. ಮನೆಯನ್ನು ತನ್ನ ಹೆಸರಿಗೆ ಮಾಡಿದರೆ ಲೋನ್ ತೆಗೆದು ಮೇಲೆ ಕಟ್ಟುತ್ತೇನೆ ಅಂತ ಮಗ ಹೇಳುತ್ತಾನೆ. ಒಬ್ಬಳು ಮಗಳಿದ್ದಾಳೆ, ಮದುವೆಯಾಗಿದೆ.

ಉತ್ತರ: ಮೊದಲು ಆ ಅರ್ಧ ಪೆನ್ಶನ್ ಎಷ್ಟು ಅಂತ ನೋಡೋಣ. ಇದನ್ನು ರೂಪಾಯಿಯಲ್ಲಿ ಲೆಕ್ಕ ಹಾಕಿದ ಮನೆಗಳು ಬಹಳ ಕಡಿಮೆ.

ಖಾಸಗಿ ಕೆಲಸದವರಿಗೆ ಬರುವುದು 1995ರ ನೌಕರರ ಪೆನ್ಶನ್ ಯೋಜನೆಯ ಪೆನ್ಶನ್. ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಆದರೆ ಇಲ್ಲಿ ಸಂಬಳ ಅಂದರೆ ಕೈಗೆ ಬರುವ ಸಂಬಳವಲ್ಲ, ಅದಕ್ಕೆ ಮಿತಿ ಇದೆ. 2014ರ ಸೆಪ್ಟೆಂಬರ್‌ಗೆ ಮುಂಚಿನ ವರ್ಷಗಳಿಗೆ ಆ ಮಿತಿ 6,500, ನಂತರದ ವರ್ಷಗಳಿಗೆ 15,000. ಎಷ್ಟೋ ಜನ ಪೂರ್ತಿ ಸೇವೆಗೂ 15,000ವನ್ನೇ ಹಿಡಿದು ಆರು ಸಾವಿರದ ಮೇಲೆ ಬರುತ್ತದೆ ಅಂದುಕೊಂಡಿರುತ್ತಾರೆ. ಕೈಗೆ ಪತ್ರ ಬಂದಾಗ ಗಾಬರಿಯಾಗುತ್ತಾರೆ.

ನಿಮ್ಮವರದು ಹಳೆಯ ಮಿತಿಯಲ್ಲಿ 16 ವರ್ಷ, ಹೊಸ ಮಿತಿಯಲ್ಲಿ 12 ವರ್ಷ ಅಂತ ಇಟ್ಟುಕೊಳ್ಳೋಣ. ಮೊದಲ ಭಾಗಕ್ಕೆ ಸುಮಾರು 1,485 ಬರುತ್ತದೆ, ಎರಡನೆಯದಕ್ಕೆ ಸುಮಾರು 2,570. ಇಪ್ಪತ್ತು ವರ್ಷ ದಾಟಿದ ಸೇವೆಗೆ ಎರಡು ವರ್ಷ ಬೋನಸ್ ಸೇರಿಸುತ್ತಾರೆ. ಎಲ್ಲ ಸೇರಿ ಅವರ ಪೆನ್ಶನ್ 4,200ರಿಂದ 4,500ರ ನಡುವೆ ಇರುತ್ತದೆ. ನಾನು 4,400 ಅಂತ ಹಿಡಿದಿದ್ದೇನೆ. ಅವರ ನಂತರ ನಿಮಗೆ ಅದರ ಅರ್ಧ, ಅಂದರೆ 2,200. ಈ ಪೆನ್ಶನ್‌ಗೆ ಸರ್ಕಾರಿ ನೌಕರರ ಹಾಗೆ ತುಟ್ಟಿಭತ್ಯೆ ಸೇರುವುದಿಲ್ಲ. ಈಗಿನ 2,200 ಹದಿನೈದು ವರ್ಷದ ನಂತರವೂ 2,200 ಆಗಿಯೇ ಇರಬಹುದು. ಅಷ್ಟರಲ್ಲಿ ಗ್ಯಾಸ್, ಔಷಧಿ, ಅಕ್ಕಿ ಎಲ್ಲಿಗೆ ಹೋಗಿರುತ್ತವೋ ನೀವೇ ಊಹಿಸಿ.

ಹಾಗಾಗಿ ಅರ್ಧ ಪೆನ್ಶನ್ ಬರುತ್ತದೆ ಅನ್ನುವುದು ನಿಜವಾದರೂ ಅದರ ಮೇಲೆ ನಿಮ್ಮ ಬದುಕನ್ನು ಕಟ್ಟಲು ಆಗುವುದಿಲ್ಲ. ನಿಮಗೆ ಆಧಾರ ಆಗಬೇಕಾದದ್ದು ಆ 26 ಲಕ್ಷ ಮತ್ತು ಮನೆ. ನೀವು ಅವರಿಗಿಂತ ಆರು ವರ್ಷ ಚಿಕ್ಕವರು, ಹೆಂಗಸರ ಆಯಸ್ಸು ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ. ಹತ್ತು ವರ್ಷ ನೀವೊಬ್ಬರೇ ಇರಬೇಕಾಗಬಹುದು ಅಂತ ಲೆಕ್ಕ ಹಾಕುವುದು ಅಪಶಕುನವಲ್ಲ. ಈ ಲೆಕ್ಕವನ್ನು ಇಬ್ಬರೂ ಜೊತೆಗೆ ಕೂತು ಮಾಡಿ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಸೀನಿಯರ್ ಸಿಟಿಜನ್ ಸ್ಕೀಮ್ ಒಳ್ಳೆಯದೇ. ನಾನು ಇದನ್ನು ಬರೆಯುವಾಗ ಬಡ್ಡಿ ಶೇಕಡಾ 8.2 ಇದೆ, ಮೂರು ತಿಂಗಳಿಗೊಮ್ಮೆ ಬರುತ್ತದೆ, ಐದು ವರ್ಷದ ಅವಧಿ. ಒಬ್ಬರ ಹೆಸರಲ್ಲಿ 30 ಲಕ್ಷದವರೆಗೆ ಇಡಬಹುದು. ನಿಮ್ಮವರಿಗೆ 60 ಆಗಿರದಿದ್ದರೂ, ವಯಸ್ಸಿಗೆ ರಿಟೈರ್ ಆದವರು ಅನ್ನುವ ಕಾರಣಕ್ಕೆ ರಿಟೈರ್‌ಮೆಂಟ್ ಹಣವನ್ನು ಇಡಬಹುದು. ಆ ಹಣ ಕೈಗೆ ಬಂದ ಮೂರು ತಿಂಗಳೊಳಗೆ ಖಾತೆ ತೆರೆಯಬೇಕು. ಮೊದಲು ಇದು ಒಂದೇ ತಿಂಗಳಿತ್ತು, 2023ರ ನವೆಂಬರ್‌ನಲ್ಲಿ ಬದಲಾಯಿತು. ಕೌಂಟರ್‌ನಲ್ಲಿ ಯಾರಾದರೂ ಒಂದು ತಿಂಗಳು ಅಂದರೆ ಹೊಸ ನಿಯಮ ಕೇಳಿ ನೋಡಿ. ಹಣ ರಿಟೈರ್‌ಮೆಂಟಿನದು ಅಂತ ಫ್ಯಾಕ್ಟರಿಯಿಂದ ಒಂದು ಪತ್ರ ಬೇಕಾಗುತ್ತದೆ.

ಜಾಯಿಂಟ್ ಅಂದ ತಕ್ಷಣ ಅರ್ಧ ಹಣ ನಿಮ್ಮದು ಅಂತ ಭಾವಿಸಬೇಡಿ. ಈ ಸ್ಕೀಮಿನಲ್ಲಿ ಪೂರ್ತಿ ಠೇವಣಿ ಮೊದಲ ಹೆಸರಿನವರದೇ ಅಂತ ನಿಯಮ. ಅವರು ಹೋದ ನಂತರ ಜಾಯಿಂಟ್ ಹೆಸರಿರುವ ಹೆಂಡತಿ ಖಾತೆ ಮುಂದುವರಿಸಬಹುದು ನಿಜ, ಆದರೆ ಆ ದಿನಕ್ಕೆ ಆಕೆಗೂ ಸ್ಕೀಮಿನ ಅರ್ಹತೆ ಇರಬೇಕು. ನಿಮಗೆ 60 ತುಂಬಲು ಎಂಟು ವರ್ಷ ಬೇಕು. ಅಷ್ಟರೊಳಗೆ ಏನಾದರೂ ಆದರೆ ಖಾತೆ ಮುಚ್ಚುತ್ತದೆ, ಆ ದಿನದಿಂದ ಬರೀ ಸೇವಿಂಗ್ಸ್ ಖಾತೆಯ ಬಡ್ಡಿ ಸಿಗುತ್ತದೆ. ಹಣ ಮುಳುಗುವುದಿಲ್ಲ, ಕೈಗೆ ಬರುತ್ತದೆ. ಆದರೆ ಅದನ್ನು ಮತ್ತೆ ಎಲ್ಲಿಡಬೇಕು ಅನ್ನುವ ತೀರ್ಮಾನವನ್ನು ನೀವು ಅದೇ ತಿಂಗಳುಗಳಲ್ಲಿ ಒಬ್ಬರೇ ಮಾಡಬೇಕಾಗುತ್ತದೆ. ಆಗಲೇ ಸುತ್ತಮುತ್ತಲಿನವರ ಸಲಹೆಗಳೂ ಸಾಲದ ಬೇಡಿಕೆಗಳೂ ಒಟ್ಟಿಗೆ ಬರುವುದು.

ಅದಕ್ಕೇ ನನ್ನ ಸಲಹೆ: ಒಂದು ಭಾಗವನ್ನು ಈಗಲೇ ನಿಮ್ಮ ಹೆಸರಿಗೆ, ನಿಮ್ಮೊಬ್ಬರ ಖಾತೆಗೆ ಹಾಕಿಸಿಕೊಳ್ಳಿ. 60 ಆಗದವರೂ ತೆರೆಯಬಹುದಾದ ಪೋಸ್ಟ್ ಆಫೀಸ್ ಮಂತ್ಲಿ ಇನ್‌ಕಮ್ ಸ್ಕೀಮ್ ಇದೆ. ಒಬ್ಬರ ಹೆಸರಲ್ಲಿ 9 ಲಕ್ಷ ಮಿತಿ, ಈಗಿನ ಬಡ್ಡಿ ಶೇಕಡಾ 7.4. ಒಂಬತ್ತು ಲಕ್ಷಕ್ಕೆ ತಿಂಗಳಿಗೆ 5,550 ಬರುತ್ತದೆ. ಬಡ್ಡಿ ಸೀನಿಯರ್ ಸ್ಕೀಮಿಗಿಂತ ಕಡಿಮೆ ಅಂತ ನಿಮ್ಮವರು ಹೇಳಬಹುದು. ಹೌದು, ತಿಂಗಳಿಗೆ 600 ರೂಪಾಯಿ ಕಡಿಮೆ. ಅದರ ಬದಲಿಗೆ ಈ ಹಣಕ್ಕಾಗಿ ನೀವು ಮುಂದೆ ಮರಣ ಪತ್ರ ಹಿಡಿದು ಎಲ್ಲೂ ನಿಲ್ಲಬೇಕಾಗಿಲ್ಲ. ಅವರು ಬದುಕಿರುವಾಗಲೇ ನಿಮಗೆ ಕೊಟ್ಟ ಹಣ ಅವರ ಆಸ್ತಿಯ ಪಾಲಿನಲ್ಲೂ ಬರುವುದಿಲ್ಲ.

ಟ್ಯಾಕ್ಸ್ ಬೀಳುತ್ತಾ ಅಂತ ಕೇಳುತ್ತೀರಿ. ಗಂಡ ಹೆಂಡತಿಗೆ ಕೊಟ್ಟ ಹಣಕ್ಕೆ ತೆರಿಗೆ ಇಲ್ಲ. ಅದರಿಂದ ಬರುವ ಬಡ್ಡಿಯನ್ನು ಮಾತ್ರ ಅವರ ಆದಾಯಕ್ಕೆ ಸೇರಿಸಿ ಲೆಕ್ಕ ಹಾಕುತ್ತಾರೆ. ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ತೆರಿಗೆ ಕಟ್ಟಬೇಕಿಲ್ಲ, ನಿಮ್ಮ ಮನೆಯ ಆದಾಯ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಹಣವನ್ನು ಬ್ಯಾಂಕಿನ ಮೂಲಕವೇ ವರ್ಗಾಯಿಸಿ, ನಗದು ಬೇಡ.

ಉಳಿದ 17 ಲಕ್ಷದಲ್ಲಿ 12 ಲಕ್ಷವನ್ನು ನಿಮ್ಮವರ ಹೆಸರಲ್ಲಿ ಸೀನಿಯರ್ ಸ್ಕೀಮಿಗೆ ಹಾಕಿ, ನೀವು ಜಾಯಿಂಟ್ ಆಗಿರಿ. ಮೂರು ತಿಂಗಳಿಗೆ 24,600 ಬರುತ್ತದೆ, ತಿಂಗಳಿಗೆ 8,200 ಆಯಿತು. ಎರಡು ಲಕ್ಷ ಬ್ಯಾಂಕಿನಲ್ಲಿ, ಇಬ್ಬರಲ್ಲಿ ಯಾರಾದರೂ ತೆಗೆಯಬಹುದಾದ ಎಫ್‌ಡಿಯಲ್ಲಿರಲಿ. ಅದು ಆಸ್ಪತ್ರೆಗೆ, ತುರ್ತಿಗೆ. ಮೂರು ಲಕ್ಷವನ್ನು ಎರಡು ವರ್ಷಗಳಲ್ಲಿ ನಿಮ್ಮ ಹೆಸರಿನ ಪಿಪಿಎಫ್‌ಗೆ ಹಾಕಿ. ವರ್ಷಕ್ಕೆ ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಹಾಕಲು ಆಗದು, ಅದಕ್ಕೆ ಎರಡು ವರ್ಷ. ಆಮೇಲೆ ವರ್ಷಕ್ಕೆ 500 ಹಾಕಿದರೆ ಖಾತೆ ಜೀವಂತ ಇರುತ್ತದೆ. ಅದರ ಅವಧಿ 15 ವರ್ಷ, ಅಂದರೆ ನಿಮಗೆ 67 ಆಗುವವರೆಗೆ. ಈಗಿನ ಶೇಕಡಾ 7.1 ಬಡ್ಡಿಯೇ ಮುಂದುವರಿದರೆ ಎಂಟು ಲಕ್ಷದ ಹತ್ತಿರ ಆಗುತ್ತದೆ. ನಿಮಗೆ ಹಣ ಹೆಚ್ಚು ಬೇಕಾಗುವುದು ಆ ವಯಸ್ಸಿನಲ್ಲೇ.

ಈಗ ಕಾಂಟ್ರಾಕ್ಟ್ ಕೆಲಸದ ಮಾತು. ನಿಮ್ಮವರಿಗೆ ಸಾಕಾಗಿದೆ, 28 ವರ್ಷ ದುಡಿದವರಿಗೆ ಸಾಕಾಗುವುದು ಸಹಜ. ಆದರೂ ಈ ಲೆಕ್ಕವನ್ನು ಅವರ ಮುಂದಿಡಿ. ಪೆನ್ಶನ್ 4,400, ಸೀನಿಯರ್ ಸ್ಕೀಮಿನ 8,200, ಬಾಡಿಗೆ 5,000. ಒಟ್ಟು 17,600. ಖರ್ಚು 24,000. ತಿಂಗಳಿಗೆ 6,400 ಕಡಿಮೆ ಬೀಳುತ್ತದೆ. ಕೆಲಸ ಬಿಟ್ಟರೆ ನಿಮ್ಮ ಹೆಸರಿನ 5,550 ಮೊದಲ ತಿಂಗಳಿಂದಲೇ ಮನೆ ಖರ್ಚಿಗೆ ಹೋಗುತ್ತದೆ, ಅಲ್ಲಿಗೂ ಸಾಲುವುದಿಲ್ಲ. ಕೆಲಸಕ್ಕೆ ಹೋದರೆ ಕೊರತೆ ತುಂಬಿ 5,600 ಉಳಿಯುತ್ತದೆ, ನಿಮ್ಮ 5,550 ಮುಟ್ಟದೆ ಉಳಿಯುತ್ತದೆ. ಅದನ್ನು ಬ್ಯಾಂಕಿನ ಮೂರು ವರ್ಷದ ಆರ್‌ಡಿಗೆ ಹಾಕಿದರೆ ಎರಡು ಲಕ್ಷ ದಾಟುತ್ತದೆ.

ಉಳಿಯುವ ಆ 5,600ರಲ್ಲಿ ಆರೋಗ್ಯ ವಿಮೆ ಕಟ್ಟಿ. ಫ್ಯಾಕ್ಟರಿಯ ಗುಂಪು ವಿಮೆ ಇದ್ದರೆ ಅದು ಸಾಮಾನ್ಯವಾಗಿ ರಿಟೈರ್ ಆದ ದಿನಕ್ಕೇ ಮುಗಿಯುತ್ತದೆ. ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆ, ಹಳೆಯ ಕಾಯಿಲೆಗಳ ಕಾಯುವ ಅವಧಿಯಲ್ಲೂ ಅನುಕೂಲ ಸಿಗುತ್ತದೆ. ಆದರೆ ಇದನ್ನು ಕೆಲಸ ಬಿಡುವ ಮೊದಲೇ ಕೇಳಬೇಕು. ಒಂದೇ ಸಲದ ಆಸ್ಪತ್ರೆ ಬಿಲ್ಲು ನಿಮ್ಮ 12 ಲಕ್ಷದಲ್ಲಿ ಅರ್ಧ ತೆಗೆದುಕೊಂಡು ಹೋಗಬಹುದು, ಆಗ ಉಳಿಯುವ ಕೊರತೆ ಪೂರ್ತಿ ನಿಮ್ಮ ಪಾಲಿಗೇ ಬರುತ್ತದೆ.

ಮೂರು ವರ್ಷ ಕಳೆದು ಅವರು ಪೂರ್ತಿ ಮನೆಯಲ್ಲಿ ಕೂತಾಗ 17,600ಕ್ಕೆ ನಿಮ್ಮ 5,550 ಸೇರಿ 23,150 ಆಗುತ್ತದೆ. 24,000ಕ್ಕೆ ಇನ್ನೂ 850 ಕಡಿಮೆ, ಬಿಗಿಯಾಗಿಯೇ ನಡೆಸಬೇಕು. ಬಾಡಿಗೆಯನ್ನು ವರ್ಷ ವರ್ಷ ಸ್ವಲ್ಪ ಏರಿಸಲು ಮರೆಯಬೇಡಿ. ನಿಮ್ಮ ಆದಾಯದಲ್ಲಿ ಬೆಲೆಯ ಜೊತೆ ಬೆಳೆಯುವುದು ಅದೊಂದೇ. ನಿಮಗೆ ಗೃಹಲಕ್ಷ್ಮಿಯ 2,000 ಬರುತ್ತಿದ್ದರೆ ಒಳ್ಳೆಯದೇ, ಆದರೆ ಅದನ್ನು ಮೂವತ್ತು ವರ್ಷದ ಲೆಕ್ಕದಲ್ಲಿ ಸೇರಿಸಬೇಡಿ.

ಈ ಏರ್ಪಾಟು ಗಟ್ಟಿಯಾಗಿದೆಯಾ ಅಂತ ಪರೀಕ್ಷೆ ಮಾಡೋಣ. ಮೊದಲು ಕೆಟ್ಟ ಸಂದರ್ಭ. ಮೂರು ವರ್ಷದ ನಂತರ, ನಿಮಗೆ 55 ಇರುವಾಗ, ಅವರು ಇಲ್ಲವಾದರು ಅಂತ ಇಟ್ಟುಕೊಳ್ಳಿ. ಒಬ್ಬರ ಖರ್ಚು ಇಬ್ಬರ ಖರ್ಚಿನ ಅರ್ಧವಲ್ಲ. ಕರೆಂಟು, ಕಂದಾಯ, ಗ್ಯಾಸ್, ರಿಪೇರಿ ಎಲ್ಲ ಹಾಗೇ ಇರುತ್ತವೆ. 24,000ದ ಮನೆಗೆ 16ರಿಂದ 18 ಸಾವಿರ ಹಿಡಿಯಿರಿ. ಸೀನಿಯರ್ ಸ್ಕೀಮಿನ 12 ಲಕ್ಷ ಮುಚ್ಚಿ ನಿಮ್ಮ ಕೈಗೆ ಬರುತ್ತದೆ. ನಿಮಗೆ 60 ಆಗುವವರೆಗೆ ಅದನ್ನು ಬ್ಯಾಂಕ್ ಎಫ್‌ಡಿಯಲ್ಲಿ ಇಡಬೇಕು. ಶೇಕಡಾ 6.5 ಅಂದರೆ ತಿಂಗಳಿಗೆ 6,500. ಪೆನ್ಶನ್ 2,200, ಮಂತ್ಲಿ ಸ್ಕೀಮಿನ 5,550, ಬಾಡಿಗೆ 5,000. ಒಟ್ಟು 19,250. ಮನೆ ನಡೆಯುತ್ತದೆ.

ನೇರವಾಗಿ ಒಂದು ಮಾತು ಹೇಳಬೇಕು. 26 ಲಕ್ಷವನ್ನೂ ಸೀನಿಯರ್ ಸ್ಕೀಮಿಗೆ ಹಾಕಿದ್ದರೂ ಆ ತಿಂಗಳ ಆದಾಯ ಹೆಚ್ಚು ಕಡಿಮೆ ಇಷ್ಟೇ ಇರುತ್ತಿತ್ತು, ಸ್ವಲ್ಪ ಜಾಸ್ತಿಯೇ ಇರುತ್ತಿತ್ತು. ಹಾಗಾದರೆ ಇಷ್ಟೆಲ್ಲ ಯಾಕೆ? ಮೊದಲ ದಿನದಿಂದಲೇ ನಿಮ್ಮ ಕೈಯಲ್ಲಿ ಯಾರ ಸಹಿಯೂ ಬೇಡದ ಆದಾಯ ಇರುತ್ತದೆ. ಪಿಪಿಎಫ್‌ನ ಮೂರು ಲಕ್ಷ ಬೆಳೆಯುತ್ತಿರುತ್ತದೆ. ತುರ್ತಿನ ಎರಡು ಲಕ್ಷ ಪಕ್ಕದಲ್ಲಿರುತ್ತದೆ. ಎಲ್ಲಾ ಬಡ್ಡಿಯನ್ನೂ ತಿಂದು ಮುಗಿಸುವ ಏರ್ಪಾಟು ಇದಲ್ಲ.

ಇನ್ನೊಂದು ಸಂದರ್ಭ, ಅವರು 74ರವರೆಗೆ ಇದ್ದರು, ನಿಮಗಾಗ 68. ಅಷ್ಟರಲ್ಲಿ ಒಂದು ಕೆಲಸ ಮುಗಿದಿರಬೇಕು. 57ಕ್ಕೆ ನಿಮ್ಮ ಮಂತ್ಲಿ ಸ್ಕೀಮ್ ಮುಗಿಯುತ್ತದೆ, ಮತ್ತೆ ಹಾಕಿ. 60 ತುಂಬಿದಾಗ ಅದಕ್ಕೆ ಮೂರು ವರ್ಷ ಆಗಿರುತ್ತದೆ, ಆಗ ಮುಂಚಿತವಾಗಿ ತೆಗೆದರೆ ಅಸಲಿನಲ್ಲಿ ಶೇಕಡಾ 1 ಮಾತ್ರ ಕಳೆಯುತ್ತಾರೆ. ತೆಗೆದು, ಆರ್‌ಡಿಯ ಎರಡು ಲಕ್ಷ ಸೇರಿಸಿ, ನಿಮ್ಮದೇ ಹೆಸರಲ್ಲಿ ಸೀನಿಯರ್ ಸ್ಕೀಮ್ ತೆರೆಯಿರಿ. ಹೀಗೆ ಮಾಡಿದ್ದರೆ 68ಕ್ಕೆ ನಿಮ್ಮ 11 ಲಕ್ಷ, ಅವರಿಂದ ಬಂದ 12 ಲಕ್ಷ, ಪಿಪಿಎಫ್‌ನ ಏಳೆಂಟು ಲಕ್ಷ ಸೇರಿ 30 ಲಕ್ಷದಷ್ಟು ನಿಮ್ಮ ಹೆಸರಲ್ಲಿರುತ್ತದೆ. ಈಗಿನ ಬಡ್ಡಿಯಲ್ಲಿ ತಿಂಗಳಿಗೆ 20,500. ಪೆನ್ಶನ್ ಅದೇ 2,200. ಬಾಡಿಗೆ ಅಷ್ಟರಲ್ಲಿ 10,000 ಆಗಿದ್ದರೆ ಒಟ್ಟು 32,700. ಬೆಲೆ ವರ್ಷಕ್ಕೆ ಶೇಕಡಾ 5 ಏರಿದರೆ ಇಂದಿನ 16,000ದ ಖರ್ಚು ಆಗ 35,000 ಆಗಿರುತ್ತದೆ. ಹತ್ತಿರ ಬರುತ್ತದೆ, ಪೂರ್ತಿ ತುಂಬುವುದಿಲ್ಲ. ಎಪ್ಪತ್ತರ ನಂತರ ಅಸಲಿನಿಂದ ಸ್ವಲ್ಪ ಸ್ವಲ್ಪ ತೆಗೆಯಬೇಕಾಗುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಅಸಲು ಇರುವುದು ಮಕ್ಕಳಿಗೆ ಬಿಟ್ಟುಹೋಗಲು ಅಲ್ಲ, ನಿಮ್ಮ ಊಟಕ್ಕೆ.

ಜೀವನಪೂರ್ತಿ ಪೆನ್ಶನ್ ಕೊಡುವ ವಿಮಾ ಪಾಲಿಸಿ ತೆಗೆದುಕೊಳ್ಳಿ ಅಂತ ಏಜೆಂಟರು ಬರಬಹುದು. ಗಂಡನ ನಂತರ ಹೆಂಡತಿಗೆ ಪೂರ್ತಿ ಮೊತ್ತ ಮುಂದುವರಿಯುವ ಜಾಯಿಂಟ್ ಲೈಫ್ ಆಯ್ಕೆ ಅದರಲ್ಲಿದೆ, ಅದು ನಿಜವಾದ ಅನುಕೂಲ. ಆದರೆ ಕೊಡುವ ಮೊತ್ತ ಸಾಮಾನ್ಯವಾಗಿ ಏರುವುದಿಲ್ಲ, ಮತ್ತು ಹಣ ಒಮ್ಮೆ ಹೋದರೆ ಹೊರತೆಗೆಯುವುದು ಕಷ್ಟ. ಅದನ್ನು ನಿಮ್ಮ ಎಪ್ಪತ್ತರ ಹೊತ್ತಿಗೆ ಯೋಚಿಸಿ, ಈಗ ಬೇಡ. ಅಟಲ್ ಪೆನ್ಶನ್‌ಗೆ 40ರೊಳಗೆ ಸೇರಬೇಕು, ನಿಮಗೆ ಆ ದಾರಿ ಇಲ್ಲ.

ಇನ್ನು ಮನೆ. ಮಗನ ಹೆಸರಿಗೆ ಈಗ ಮಾಡಬೇಡಿ. ನಿಮ್ಮ ಮಗ ಕೆಟ್ಟವನು ಅಂತಲ್ಲ. ಲೋನ್ ತೆಗೆದರೆ ಮನೆ ಬ್ಯಾಂಕಿನ ಅಡಮಾನದಲ್ಲಿರುತ್ತದೆ, ಅವನ ಕೆಲಸ ಹೋದರೂ ಕಂತು ನಿಲ್ಲುವುದಿಲ್ಲ. ಆಗ ಅಪಾಯಕ್ಕೆ ಸಿಗುವುದು ನಿಮ್ಮ ಸೂರು ಮತ್ತು ನಿಮ್ಮ ಬಾಡಿಗೆ. ಇಷ್ಟರ ಮೇಲೂ ಕೊಡಲೇಬೇಕು ಅನ್ನಿಸಿದರೆ, ತಂದೆ ತಾಯಿಯನ್ನು ಜೀವನಪೂರ್ತಿ ನೋಡಿಕೊಳ್ಳಬೇಕು, ಅವರು ಇದೇ ಮನೆಯಲ್ಲಿರುತ್ತಾರೆ ಅನ್ನುವ ಷರತ್ತು ದಾನಪತ್ರದಲ್ಲೇ ಬರೆದಿರಬೇಕು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, 60 ತುಂಬಿದ ಮೇಲೆ ಬರೆದುಕೊಟ್ಟ ಪತ್ರವಾಗಿದ್ದು ಆ ಷರತ್ತು ಮುರಿದರೆ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ ಹೋಗಿ ಪತ್ರ ರದ್ದು ಮಾಡಿಸಬಹುದು. ಷರತ್ತು ಬರೆಯದೇ ಪ್ರೀತಿಯಿಂದ ಕೊಟ್ಟದ್ದು ಅಂತ ಇದ್ದರೆ ಹೋರಾಟ ಕಷ್ಟವಾಗುತ್ತದೆ.

ಹೆಸರು ಬದಲಿಸದೆ ಸುಮ್ನೆ ಬಿಟ್ಟರೆ ಏನಾಗುತ್ತದೆ ಅಂತಲೂ ತಿಳಿದಿರಲಿ. ವಿಲ್ ಇಲ್ಲದೆ ಗಂಡ ತೀರಿಕೊಂಡರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಅವರ ಸ್ವಂತ ಆಸ್ತಿ ಹೆಂಡತಿ, ಮಕ್ಕಳು ಮತ್ತು ಅವರ ತಾಯಿಗೆ ಸಮನಾಗಿ ಹೋಗುತ್ತದೆ. ಅಂದರೆ ನಿಮ್ಮ ಮನೆಯಲ್ಲಿ ನಿಮಗೆ ಕಾಲು ಭಾಗ. ಉಳಿದದ್ದು ಮಗ, ಮಗಳು, ಅತ್ತೆಗೆ. ಅತ್ತೆಯ ಕಾಲು ಭಾಗ ಅವರ ನಂತರ ಅವರ ಎಲ್ಲ ಮಕ್ಕಳಿಗೆ, ಅಂದರೆ ನಿಮ್ಮ ಮೈದುನ ನಾದಿನಿಯರು ಇದ್ದರೆ ಅವರಿಗೂ ಸೇರುತ್ತದೆ. ಸೀನಿಯರ್ ಸ್ಕೀಮಿನ 12 ಲಕ್ಷದಲ್ಲೂ ಇದೇ ಪ್ರಶ್ನೆ ಏಳಬಹುದು. ನಾಮಿನಿ ಅಂದರೆ ಹಣ ಪಡೆದುಕೊಳ್ಳುವ ಅಧಿಕಾರ ಇರುವವರು, ವಿಲ್ ಇಲ್ಲದಿದ್ದರೆ ಉಳಿದ ವಾರಸುದಾರರು ಪಾಲು ಕೇಳಬಹುದು.

ಪರಿಹಾರ ಸರಳ. ಮನೆ ಅವರ ದುಡಿಮೆಯಿಂದ ಆದದ್ದಾದರೆ ಅವರು ವಿಲ್ ಬರೆಯಲಿ. ಮನೆ ಮತ್ತು ಠೇವಣಿ ತಮ್ಮ ನಂತರ ಪತ್ನಿಗೆ, ಅವಳ ನಂತರ ಅವಳ ಇಷ್ಟದಂತೆ, ಅಂತ. ಪಿತ್ರಾರ್ಜಿತವಾದರೆ ಅವರ ಪಾಲಿನ ಮಟ್ಟಿಗೆ ಮಾತ್ರ ಬರೆಯಬಹುದು. ಬಿಳಿ ಹಾಳೆ ಸಾಕು, ಅವರು ಸಹಿ ಮಾಡುವುದನ್ನು ನೋಡಿದ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ನೀವಾಗಲಿ ಮಕ್ಕಳಾಗಲಿ ಸಾಕ್ಷಿಯಾಗಬೇಡಿ. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿ. ಮುಂದೆ ಪಾಲಿಕೆಯಲ್ಲಿ ಖಾತೆ ನಿಮ್ಮ ಹೆಸರಿಗೆ ಬದಲಾಯಿಸುವಾಗ ಪ್ರಶ್ನೆಗಳು ಕಡಿಮೆಯಾಗುತ್ತವೆ. ಅತ್ತೆಯವರಿಗೂ ಈ ವಿಷಯ ಮೊದಲೇ ಹೇಳಿ. ಅವರನ್ನು ನೋಡಿಕೊಳ್ಳುವವರು ನೀವೇ ಅಲ್ವಾ, ಅವರಿಗೆ ಅರ್ಥವಾಗುತ್ತದೆ.

ಕೊನೆಯದಾಗಿ ಕಾಗದಪತ್ರ. ಪೆನ್ಶನ್‌ಗೆ ಹಾಕುವ ಫಾರಂ 10ಡಿಯಲ್ಲಿ ನಿಮ್ಮ ಹೆಸರು, ಹುಟ್ಟಿದ ದಿನಾಂಕ, ಇಬ್ಬರ ಜೋಡಿ ಫೋಟೊ ಇರುತ್ತದೆ. ನಿಮ್ಮ ಅರ್ಧ ಪೆನ್ಶನ್ ನಿಂತಿರುವುದು ಅದರ ಮೇಲೆ. ನಮ್ಮ ಕಡೆ ಹೆಂಗಸರ ಹೆಸರು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಆಧಾರ್‌ನಲ್ಲಿ ಲಕ್ಷ್ಮಮ್ಮ, ಬ್ಯಾಂಕಿನಲ್ಲಿ ಲಕ್ಷ್ಮೀದೇವಿ, ಇನಿಷಿಯಲ್ ಒಂದು ಕಡೆ ತಂದೆಯದು, ಇನ್ನೊಂದು ಕಡೆ ಗಂಡನದು. ಫಾರಂ ಹಾಕುವ ಮೊದಲೇ ಆಧಾರ್, ಬ್ಯಾಂಕ್, ಪ್ಯಾನ್ ಮೂರರಲ್ಲೂ ಒಂದೇ ರೀತಿ ಮಾಡಿಸಿ. ಪಿಎಫ್‌ನ ಇ-ನಾಮಿನೇಷನ್‌ನಲ್ಲಿ ನಿಮ್ಮ ಹೆಸರು ಇದೆಯಾ ಅಂತ ಅವರ ಮೊಬೈಲ್‌ನಲ್ಲಿ ನೀವೇ ನೋಡಿ. ಪೆನ್ಶನ್ ಆದೇಶದ ಪತ್ರ ಬಂದಾಗ ಅದರಲ್ಲಿ ನಿಮ್ಮ ಹೆಸರು ಸರಿಯಾಗಿದೆಯಾ ಓದಿ. ತಪ್ಪಿದ್ದರೆ ಅವರು ಇರುವಾಗ ತಿದ್ದಿಸುವುದು ಸುಲಭ.

ನಿಮ್ಮದೇ ಹೆಸರಿನ ಉಳಿತಾಯ ಖಾತೆ ಇಲ್ಲದಿದ್ದರೆ ಈ ವಾರವೇ ತೆರೆಯಿರಿ. ಮಂತ್ಲಿ ಸ್ಕೀಮಿನ 5,550 ನೇರವಾಗಿ ಅಲ್ಲಿಗೆ ಬೀಳಲಿ. ಎಟಿಎಂ ಕಾರ್ಡೂ, ಅದರ ಪಿನ್ ನಂಬರೂ, ಖಾತೆಗೆ ಜೋಡಿಸಿದ ಮೊಬೈಲ್ ನಂಬರೂ ನಿಮ್ಮದೇ ಆಗಿರಲಿ, ಮಗನದಲ್ಲ.